ಎರಡು ಸಲ ಬರುವ ಐಗನ್ ವ್ಯಾಲ್ಯೂಗೆ ವೆಕ್ಟರ್ ಸೊನ್ನೆ ಬರ್ತಿದೆ, ಡಯಾಗನಲೈಸ್ ಆಗಲ್ವಾ?

ಸುಮಾ_ಬಿಎಸ್ಸಿ

ಎಲ್ಲರಿಗೂ ನಮಸ್ಕಾರ. ನಾಡಿದ್ದು ಇಂಟರ್ನಲ್ಸ್ ಇದೆ. ಕೆಳಗಿನ ಮ್ಯಾಟ್ರಿಕ್ಸನ್ನು ಡಯಾಗನಲೈಸ್ ಮಾಡಿ ಅಂತ ಅಸೈನ್‌ಮೆಂಟ್‌ನಲ್ಲಿ ಕೊಟ್ಟಿದ್ದಾರೆ.

```
      4   1   1
A =  -2   1  -1
      4   2   4
```

ನನಗೆ ಬಂದ ಸಮೀಕರಣ λ³ − 9λ² + 24λ − 28 = 0. 1, 2, 4, 7, 14 ಎಲ್ಲ ಹಾಕಿ ನೋಡಿದೆ, ಯಾವುದಕ್ಕೂ ಸೊನ್ನೆ ಬರ್ತಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಹಾಕಿದ್ರೆ 5.61 ಅಂತ ಒಂದು ಬರುತ್ತೆ, ಉಳಿದೆರಡರಲ್ಲಿ i ಇದೆ. ಕ್ಲಾಸಿನಲ್ಲಿ ಉತ್ತರ 2, 2, 5 ಅಂತ ಮಾತ್ರ ಹೇಳಿದ್ರು.

ಸರಿ, ಅದನ್ನೇ ನಂಬಿ λ = 2 ತಗೊಂಡು ಮುಂದೆ ಹೋದೆ. ಮೊದಲ ಎರಡು ಸಾಲಿಗೆ ಅಡ್ಡ ಗುಣಾಕಾರ ಮಾಡಿದ್ರೆ x, y, z ಮೂರೂ 0. ಸೊನ್ನೆ ವೆಕ್ಟರ್ ಐಗನ್ ವೆಕ್ಟರ್ ಅಲ್ಲ ಅಂತ ಗೊತ್ತು. ಹಾಗಾದ್ರೆ 2ಕ್ಕೆ ವೆಕ್ಟರೇ ಇಲ್ವಾ? ಯಾರಾದ್ರೂ ದಯವಿಟ್ಟು ಹಂತ ಹಂತವಾಗಿ ತೋರಿಸಿ.

ಕಿರಣ್ ಎಚ್

ವೆಕ್ಟರ್ ಹುಡುಕೋ ಅಗತ್ಯವೇ ಇಲ್ಲ. ಮೂರೂ ಐಗನ್ ವ್ಯಾಲ್ಯೂ ಬೇರೆ ಬೇರೆ ಇದ್ರೆ ಡಯಾಗನಲೈಸ್ ಆಗುತ್ತೆ, ಇಲ್ಲಿ 2 ಎರಡು ಸಲ ಬಂದಿದೆ, ಆದ್ದರಿಂದ ಆಗಲ್ಲ. "ನಾಟ್ ಡಯಾಗನಲೈಸಬಲ್" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿ.

ಹಳೇಮೇಷ್ಟ್ರು

ಕಿರಣ್, ಮೊದಲರ್ಧ ಸರಿ, ಎರಡನೆಯದು ಸರಿಯಲ್ಲ. ಅದಕ್ಕೆ ಆಮೇಲೆ ಬರೋಣ. ಮೊದಲು ಸುಮಾ ಅವರ 28 ಎಲ್ಲಿಂದ ಬಂತು ಅಂತ ನೋಡಬೇಕು.

ಸುಮಾ, ನಿಮ್ಮ 9 ಸರಿ ಇದೆ, ಅದು ಕರ್ಣದ ಮೊತ್ತ, 4 + 1 + 4. ನಿಮ್ಮ 24 ಕೂಡ ಸರಿ. ಕರ್ಣದ ಮೇಲೆ ಕೂರುವ ಮೂರು 2×2 ಡಿಟರ್ಮಿನೆಂಟ್‌ಗಳನ್ನು ಕೂಡಿದರೆ 6 + 12 + 6. ತಪ್ಪಿರುವುದು ಕೊನೆಯದು ಒಂದೇ, ಅಂದರೆ ಇಡೀ A ಯ ಡಿಟರ್ಮಿನೆಂಟ್. ಅದನ್ನು ಬಿಡಿಸಿದ ಸಾಲನ್ನು ಹಾಗೇ ಇಲ್ಲಿ ಹಾಕಿ.

ಸುಮಾ_ಬಿಎಸ್ಸಿ

ಇದು ಸರ್:

```
4(4 + 2) - 1(-8 - 4) + 1(-4 - 4)
= 24 + 12 - 8 = 28
```

ಹಳೇಮೇಷ್ಟ್ರು

ನಡುವಿನ ಆವರಣ ನೋಡಿ. ಅಲ್ಲಿ ಇರಬೇಕಾದದ್ದು (−2)(4) − (−1)(4). ಮೊದಲ ತುಂಡು −8. ಎರಡನೆಯದರಲ್ಲಿ (−1)(4) ಅಂದರೆ −4, ಅದರ ಮುಂದೆ ಸೂತ್ರದ್ದೇ ಇನ್ನೊಂದು ಮೈನಸ್ ಇದೆ, ಆದ್ದರಿಂದ +4. ಒಟ್ಟು −8 + 4 = −4. ನೀವು ಎರಡು ಮೈನಸ್‌ಗಳಲ್ಲಿ ಒಂದನ್ನು ಮಾತ್ರ ಬರೆದಿದ್ದೀರಿ.

```
4(6) - 1(-4) + 1(-8) = 24 + 4 - 8 = 20
```

ಈಗ λ³ − 9λ² + 24λ − 20 = 0. λ = 2 ಹಾಕಿದರೆ 8 − 36 + 48 − 20 = 0. (λ − 2) ಇಂದ ಭಾಗಿಸಿದರೆ ಉಳಿಯುವುದು λ² − 7λ + 10, ಅದು (λ − 2)(λ − 5).

ಮೈನಸ್ ಇರುವ ಮ್ಯಾಟ್ರಿಕ್ಸ್‌ನಲ್ಲಿ ಡಿಟರ್ಮಿನೆಂಟನ್ನು ಒಂದೇ ಸಾಲಿನಿಂದ ಎರಡು ಸಲ ಬಿಡಿಸಬೇಡಿ. ಕೈ ಅದೇ ತಪ್ಪನ್ನು ಅದೇ ಜಾಗದಲ್ಲಿ ಮತ್ತೆ ಮಾಡುತ್ತೆ. ಸರಿ ನೋಡಬೇಕಿದ್ದರೆ ಬೇರೆ ಕಡೆಯಿಂದ ಬನ್ನಿ. ಮೂರನೇ ಕಾಲಂನಿಂದ ಬಿಡಿಸಿದರೆ 1(−8) + 1(4) + 4(6), ಅದೂ 20.

ಇನ್ನೊಂದು ಮಾತು. i ಬಂತು ಅನ್ನುವುದೊಂದೇ ತಪ್ಪಿನ ಸುಳಿವಲ್ಲ. A ಸಿಮೆಟ್ರಿಕ್ ಆಗಿದ್ದರೆ i ಬಂದ ತಕ್ಷಣ ಲೆಕ್ಕ ತಪ್ಪಿದೆ ಅಂತ ಖಚಿತವಾಗಿ ಹೇಳಬಹುದಿತ್ತು. ಇದು ಸಿಮೆಟ್ರಿಕ್ ಅಲ್ಲ, ಇಂಥದ್ದಕ್ಕೆ ನಿಜವಾಗಿಯೂ i ಬರಬಹುದು.

ಬಸವರಾಜ ಧಾರವಾಡ

ಇಷ್ಟೆಲ್ಲಾ ಯಾಕ್ ಮಾಡ್ತೀರಿ? ಮ್ಯಾಟ್ರಿಕ್ಸ್ ತಗೊಂಡು ರೋ ಆಪರೇಶನ್ ಮಾಡಿ ಕೆಳಗ ಎಲ್ಲಾ ಸೊನ್ನಿ ಮಾಡ್ರಿ. ಮೇಲ್ತ್ರಿಕೋನ ಆದ ಮ್ಯಾಲೆ ಕರ್ಣದ ಮ್ಯಾಲೆ ಏನು ಇರ್ತಾವೋ ಅವೇ ಐಗನ್ ವ್ಯಾಲ್ಯೂ. ಕ್ಯೂಬಿಕ್ ಬಿಡಿಸೋದೇ ಬ್ಯಾಡ. ನಾನು ಡಿಟರ್ಮಿನೆಂಟ್ ಹಂಗ ತಗೀತೀನಿ, ಯಾವಾಗ್ಲೂ ಸರಿ ಬರ್ತದ.

ರೇಖಾ ಎಂ

ಬಸವರಾಜ ಅವರೇ, ಡಿಟರ್ಮಿನೆಂಟ್‌ಗೆ ಅದು ಸರಿ, ಐಗನ್ ವ್ಯಾಲ್ಯೂಗೆ ಅಲ್ಲ. ಇದೇ A ಮೇಲೆ ಮಾಡಿ ನೋಡೋಣ. ಎರಡನೇ ಸಾಲಿಗೆ ಮೊದಲ ಸಾಲಿನ ಅರ್ಧ ಕೂಡಿಸಿ, ಮೂರನೆಯದರಿಂದ ಮೊದಲನೆಯದನ್ನು ಕಳೆಯಿರಿ, ಆಮೇಲೆ ಮೂರನೆಯದರಿಂದ ಎರಡನೆಯದರ 2/3 ಭಾಗ ಕಳೆಯಿರಿ. ಕರ್ಣದ ಮೇಲೆ ಬರುವುದು 4, 3/2, 10/3.

ಗುಣಿಸಿ ನೋಡಿ, 20 ಬರುತ್ತೆ. ಅದಕ್ಕೇ ಈ ತಪ್ಪು ತಪ್ಪಿನಂತೆ ಕಾಣಿಸಲ್ಲ. ಆದರೆ ಕೂಡಿಸಿದರೆ 8.83, ಬರಬೇಕಿದ್ದದ್ದು 9. ಹೀಗೆ ಒಂದು ಸಾಲಿಗೆ ಇನ್ನೊಂದರ ಪಟ್ಟು ಕೂಡಿಸುವ ರೋ ಆಪರೇಶನ್ ಮಾಡಿದಾಗ ಡಿಟರ್ಮಿನೆಂಟ್ ಉಳಿಯುತ್ತೆ, ಐಗನ್ ವ್ಯಾಲ್ಯೂಗಳು ಉಳಿಯಲ್ಲ. ಮೊದಲೇ ಮೇಲ್ತ್ರಿಕೋನ ಆಗಿರುವ ಮ್ಯಾಟ್ರಿಕ್ಸ್ ಕೊಟ್ಟಿದ್ದರೆ ಮಾತ್ರ ಕರ್ಣ ನೋಡಿ ಹೇಳಬಹುದು.

ಬಸವರಾಜ ಧಾರವಾಡ

ಹೌದ್ರಿ, 8.83 ಬಂತು. ಹಂಗಾದ್ರ A − λI ಬರ್ಕೊಂಡ ಮ್ಯಾಲೆ ರೋ ಆಪರೇಶನ್ ಮಾಡಬಹುದೇನ್ರಿ, ಅದೂ ಇಲ್ಲೋ?

ರೇಖಾ ಎಂ

A − λI ಬರೆದುಕೊಂಡ ಮೇಲೆ ಧಾರಾಳವಾಗಿ ಮಾಡಬಹುದು. λ ಒಳಗೆ ಸೇರಿದ ಮೇಲೆ ನಿಮಗೆ ಬೇಕಿರುವುದು ಡಿಟರ್ಮಿನೆಂಟ್ ಒಂದೇ, ಅದು ಉಳಿಯುತ್ತೆ. ಒಂದು ಎಚ್ಚರ ಮಾತ್ರ ಇರಲಿ, λ ಇರುವ ಪದದಿಂದ ಸಾಲನ್ನು ಭಾಗಿಸಬೇಡಿ, ಆ ಪದ ಸೊನ್ನೆ ಆಗುವ λ ಅಲ್ಲೇ ಕಳೆದುಹೋಗಬಹುದು.

ಸುಮಾ_ಬಿಎಸ್ಸಿ

20 ಬಂತು ಸರ್, ಈಗ 2, 2, 5 ಸರಿಯಾಗಿ ಸಿಗ್ತಿದೆ. 5ಕ್ಕೆ ವೆಕ್ಟರ್ (1, 1, 2) ಬಂತು. 2ರದ್ದು ಇನ್ನೂ ಸೊನ್ನೆಯೇ ಬರ್ತಿದೆ.

ಹಳೇಮೇಷ್ಟ್ರು

ಎರಡನ್ನೂ ಒಂದೊಂದಾಗಿ ನೋಡೋಣ. λ = 5 ಮೊದಲು.

```
           -1   1   1
A - 5I =   -2  -4  -1
            4   2  -1
```

ನಿಮ್ಮ (1, 1, 2) ಅನ್ನು ಮೊದಲ ಸಾಲಿಗೆ ಹಾಕಿ: −1 + 1 + 2 = 2. ಸೊನ್ನೆ ಬರಬೇಕಿತ್ತು. ಅಡ್ಡ ಗುಣಾಕಾರದಲ್ಲಿ x, y, z ಕೆಳಗೆ ಬರುವ ಮೂರು 2×2 ಗಳಲ್ಲಿ ನಡುವಿನದಕ್ಕೆ ಮೈನಸ್ ಇರುತ್ತೆ, x / −y / z ಅಂತ. ನಿಮಗೆ 3, 3, 6 ಬಂದಿರಬೇಕು. ನಡುವಿನದರ ಚಿಹ್ನೆ ತಿರುಗಿಸಿದರೆ 3, −3, 6, ಅಂದರೆ (1, −1, 2). ಈಗ ಮೂರೂ ಸಾಲಿಗೆ ಹಾಕಿ: −1 −1 + 2 = 0, −2 + 4 − 2 = 0, 4 − 2 − 2 = 0. ಲೆಕ್ಕದಲ್ಲಿ ಬಳಸದೇ ಬಿಟ್ಟ ಮೂರನೇ ಸಾಲಿಗೂ ಹಾಕಿ ನೋಡುವುದನ್ನು ಬಿಡಬೇಡಿ. ಐಗನ್ ವ್ಯಾಲ್ಯೂವೇ ತಪ್ಪಾಗಿದ್ದರೆ ಮೊದಲೆರಡು ಸಾಲು ಸುಮ್ಮನೆ ಒಪ್ಪಿಕೊಳ್ಳುತ್ತವೆ, ಸಿಕ್ಕಿಬೀಳುವುದು ಮೂರನೆಯದರಲ್ಲಿ.

ಈಗ λ = 2.

```
            2   1   1
A - 2I =   -2  -1  -1
            4   2   2
```

ಎರಡನೇ ಸಾಲು ಮೊದಲನೆಯದರ −1 ಪಟ್ಟು, ಮೂರನೆಯದು 2 ಪಟ್ಟು. ಅಂದರೆ ಇಲ್ಲಿ ಮೂರು ಸಮೀಕರಣ ಇಲ್ಲ, ಇರುವುದು ಒಂದೇ: 2x + y + z = 0. ಅಡ್ಡ ಗುಣಾಕಾರಕ್ಕೆ ಬೇರೆ ಬೇರೆ ದಿಕ್ಕಿನ ಎರಡು ಸಾಲು ಬೇಕು. ಒಂದೇ ದಿಕ್ಕಿನ ಎರಡು ಸಾಲು ಕೊಟ್ಟರೆ ಅದು 0, 0, 0 ಕೊಡುತ್ತೆ. ಆ ಸೊನ್ನೆ "ವೆಕ್ಟರ್ ಇಲ್ಲ" ಅನ್ನುತ್ತಿಲ್ಲ, "ಈ ವಿಧಾನ ಇಲ್ಲಿ ನಡೆಯಲ್ಲ" ಅನ್ನುತ್ತಿದೆ.

ಒಂದು ಸಮೀಕರಣ, ಮೂರು ಅಜ್ಞಾತ. ಎರಡನ್ನು ನಮಗೆ ಬೇಕಾದ ಹಾಗೆ ಆರಿಸಿಕೊಳ್ಳಬಹುದು. z = 0, x = 1 ಇಟ್ಟರೆ y = −2. x = 0, y = 1 ಇಟ್ಟರೆ z = −1. ಹೀಗೆ (1, −2, 0) ಮತ್ತು (0, 1, −1), ಒಂದರ ಪಟ್ಟು ಇನ್ನೊಂದಲ್ಲದ ಎರಡು ವೆಕ್ಟರ್ ಸಿಕ್ಕವು. 5ರದ್ದು ಒಂದು ಸೇರಿ ಮೂರು. ಡಯಾಗನಲೈಸ್ ಆಗುತ್ತೆ.

ಕಿರಣ್ ಎಚ್

ಸರ್, ಆದರೆ ನಮ್ಮ ನೋಟ್ಸ್‌ನಲ್ಲಿ 2 ಎರಡು ಸಲ ಬಂದ ಒಂದು ಲೆಕ್ಕ ಇದೆ, ಅಲ್ಲಿ ಆಗಲ್ಲ ಅಂತಲೇ ಬರೆಸಿದ್ದಾರೆ. ಅದೂ ಇದೇ ಸಮೀಕರಣ ಅಂತ ನೆನಪು. ಒಂದೇ ಸಮೀಕರಣ ಇದ್ದ ಮೇಲೆ ಉತ್ತರವೂ ಒಂದೇ ಆಗಬೇಕಲ್ವಾ?

ರೇಖಾ ಎಂ

ಆಗಬೇಕಿಲ್ಲ ಕಿರಣ್. ನಿಮ್ಮ ನೋಟ್ಸ್‌ನ ಲೆಕ್ಕ ನಾನು ನೋಡಿಲ್ಲ, ಅದಕ್ಕೆ ಒಂದನ್ನು ಇಲ್ಲೇ ಕಟ್ಟಿದೀನಿ.

```
      8   3   0
B = -10  -3   1
      4   2   4
```

ಕರ್ಣದ ಮೊತ್ತ 9. ಮೂರು 2×2 ಗಳು 6, 32, −14, ಕೂಡಿದರೆ 24. ಡಿಟರ್ಮಿನೆಂಟ್ 8(−14) − 3(−44) = −112 + 132 = 20. ಅಂದರೆ A ಗೂ B ಗೂ ಸಮೀಕರಣ ಒಂದೇ, ಐಗನ್ ವ್ಯಾಲ್ಯೂಗಳೂ ಅವೇ 2, 2, 5.

ಈಗ B − 2I ಬರೆಯಿರಿ. ಸಾಲುಗಳು (6, 3, 0), (−10, −5, 1), (4, 2, 2). ಮೊದಲನೆಯದರಿಂದ y = −2x. ಅದನ್ನು ಎರಡನೆಯದಕ್ಕೆ ಹಾಕಿದರೆ −10x + 10x + z = 0, ಅಂದರೆ z = 0. ಮೂರನೆಯದೂ ಅದನ್ನೇ ಹೇಳುತ್ತೆ. ಸಿಗುವುದು (1, −2, 0) ಮತ್ತು ಅದರ ಪಟ್ಟುಗಳು ಮಾತ್ರ. ಎರಡು ಬೇಕಿದ್ದ ಕಡೆ ಒಂದೇ ಸಿಕ್ಕಿತು, ಆದ್ದರಿಂದ B ಡಯಾಗನಲೈಸ್ ಆಗಲ್ಲ. ಸಮೀಕರಣ ನೋಡಿ ಇದನ್ನು ಹೇಳಲು ಬರಲ್ಲ, A − 2I ಒಳಗೆ ನಿಜವಾಗಿ ಎಷ್ಟು ಬೇರೆ ಬೇರೆ ಸಾಲಿವೆ ಅಂತ ನೋಡಲೇಬೇಕು. ಎರಡು ಸಲ ಬರುವ ಮೂಲಕ್ಕೆ 3×3 ರಲ್ಲಿ ಒಂದೇ ಸಾಲು ಉಳಿದರೆ ಆಗುತ್ತೆ, ಎರಡು ಉಳಿದರೆ ಆಗಲ್ಲ.

ಹಳೇಮೇಷ್ಟ್ರು

ರೇಖಾ ಅವರ B ತುಂಬಾ ಚೆನ್ನಾಗಿದೆ. ಇದನ್ನೇ ವೆಕ್ಟರ್ ಹುಡುಕದೆ ನೋಡುವ ದಾರಿಯೂ ಇದೆ. (A − 2I) ಮತ್ತು (A − 5I) ಗುಣಿಸಿ. ಮೂರು ಸಲ ಅಲ್ಲ, ಬೇರೆ ಬೇರೆ ಮೂಲ ಒಂದೊಂದು ಸಲ ಮಾತ್ರ. ಪೂರ್ತಿ ಸೊನ್ನೆ ಬಂದರೆ ಡಯಾಗನಲೈಸ್ ಆಗುತ್ತೆ, ಒಂದು ಜಾಗದಲ್ಲಾದರೂ ಸೊನ್ನೆಯಲ್ಲದ್ದು ಉಳಿದರೆ ಇಲ್ಲ. A ಗೆ ಮೊದಲ ಜಾಗ: 2(−1) + 1(−2) + 1(4) = 0, ಉಳಿದವೂ ಹಾಗೇ. B ಗೆ ಮೊದಲ ಜಾಗದಲ್ಲೇ 6(3) + 3(−10) = −12. ಅಲ್ಲಿಗೇ ನಿಲ್ಲಿಸಬಹುದು.

ಕಿರಣ್ ಎಚ್

ಸರಿ ಸರ್, B ನ ಕೈಯಾರೆ ಮಾಡಿ ನೋಡಿದೆ, ಒಂದೇ ವೆಕ್ಟರ್ ಬರ್ತಿದೆ. ಆದರೆ ಪರೀಕ್ಷೆಯಲ್ಲಿ ಈ ಗುಣಾಕಾರ ಮಾಡಿ "ಆಗಲ್ಲ" ಅಂತ ಬರೆದ್ರೆ ಪೂರ್ತಿ ಮಾರ್ಕ್ಸ್ ಕೊಡ್ತಾರಾ?

ಹಳೇಮೇಷ್ಟ್ರು

ಅದು ಪೇಪರ್ ತಿದ್ದುವವರ ಮೇಲೆ ಹೋಗುತ್ತೆ. ನಾನಾಗಿದ್ದರೆ ಕೊಡುತ್ತಿದ್ದೆ. ವೆಕ್ಟರ್ ದಾರಿಯಲ್ಲಿ ಬರೆದು, ಇದನ್ನು ಪಕ್ಕದಲ್ಲಿ ಸರಿ ನೋಡಿಕೊಳ್ಳಲು ಬಳಸಿ.

ಸುಮಾ_ಬಿಎಸ್ಸಿ

ನನ್ನ P ಇದು, (1, −2, 0), (0, 1, −1), (1, −1, 2) ಕಾಲಂಗಳಾಗಿ:

```
      1   0   1
P =  -2   1  -1
      0  -1   2
```

|P| = 3 ಬಂತು. ಇನ್‌ವರ್ಸ್ ಹಾಕಿ P⁻¹AP ಗುಣಿಸಿದ್ರೆ ಕರ್ಣ ಬಿಟ್ಟು ಬೇರೆ ಕಡೆಯೂ ಸಂಖ್ಯೆ ಬರ್ತಿದೆ. ಗೆಳತಿಯ P ಬೇರೆ, ಅವಳದ್ದರಲ್ಲಿ (0, 1, −1) ಬದಲು (1, 0, −2) ಇದೆ. ಅವಳಿಗೆ ಸರಿ ಬಂದಿದೆ. ನನ್ನ ವೆಕ್ಟರ್ ತಪ್ಪಾ? ನನ್ನ ಇನ್‌ವರ್ಸ್‌ನ ಒಳಗಿನದ್ದು, 3 ರಿಂದ ಭಾಗಿಸುವ ಮೊದಲು:

```
 1   4   2
-1   2   1
-1  -1   1
```

ರೇಖಾ ಎಂ

ವೆಕ್ಟರ್ ತಪ್ಪಿಲ್ಲ. ಗೆಳತಿಯ (1, 0, −2) ಅಂದರೆ ನಿಮ್ಮ ಮೊದಲನೆಯದಕ್ಕೆ ಎರಡನೆಯದರ ಎರಡು ಪಟ್ಟು ಕೂಡಿದ್ದು. 2x + y + z = 0 ಅನ್ನುವ ಆ ಸಮತಲದಲ್ಲಿ ಯಾವ ಎರಡು ಬೇರೆ ದಿಕ್ಕು ತಗೊಂಡರೂ ಸರಿ, ಇಬ್ಬರ P ಬೇರೆ ಇರಬಹುದು, D ಒಂದೇ ಬರುತ್ತೆ.

ತಪ್ಪಿರುವುದು ಇನ್‌ವರ್ಸ್. ನೀವು ಬರೆದದ್ದು ಕೋಫ್ಯಾಕ್ಟರ್‌ಗಳ ಮ್ಯಾಟ್ರಿಕ್ಸ್, ಒಂದೊಂದು ಸಂಖ್ಯೆಯೂ ಸರಿ ಇದೆ, ಚಿಹ್ನೆಯೂ ಸರಿ. ಅದನ್ನು ಟ್ರಾನ್ಸ್‌ಪೋಸ್ ಮಾಡುವುದು ಬಿಟ್ಟುಹೋಗಿದೆ. P ಯ ಮೊದಲ ಸಾಲಿನಿಂದ ನಿಮ್ಮದನ್ನು ಗುಣಿಸಿ ನೋಡಿ, 0, 3, 3 ಬರುತ್ತೆ. ಬರಬೇಕಿದ್ದದ್ದು 3, 0, 0. ಸರಿಯಾದದ್ದು:

```
 1  -1  -1
 4   2  -1
 2   1   1
```

ಇದಕ್ಕೆ 1/3 ಹಚ್ಚಿ.

ಹಳೇಮೇಷ್ಟ್ರು

ಇನ್‌ವರ್ಸ್ ಕೇಳದೆ ಬರೀ P, D ಕೇಳಿದ್ದರೆ ಇನ್‌ವರ್ಸ್ ತೆಗೆಯುವ ಗೋಜಿಗೇ ಹೋಗಬೇಡಿ, AP ಮತ್ತು PD ಎರಡನ್ನೂ ಬರೆದು ಹೋಲಿಸಿ. PD ಅಂದರೆ P ಯ ಕಾಲಂಗಳನ್ನು 2, 2, 5 ರಿಂದ ಗುಣಿಸಿದ್ದು: (2, −4, 0), (0, 2, −2), (5, −5, 10). AP ಗುಣಿಸಿದರೂ ಇವೇ ಮೂರು ಬರಬೇಕು. D ಯಲ್ಲಿ 5 ಅನ್ನು ಮೊದಲು ಬರೆದು P ಯಲ್ಲಿ ಅದರ ವೆಕ್ಟರನ್ನು ಕೊನೆಗೆ ಇಟ್ಟಿದ್ದರೂ ಇಲ್ಲೇ ಗೊತ್ತಾಗುತ್ತೆ, ಯಾಕೆಂದರೆ ಮೊದಲ ಕಾಲಂ (5, −10, 0) ಆಗಿಬಿಡುತ್ತೆ.

ಪ್ರವೀಣ ಕೆ

ನಾನು ಕೆಲಸದಲ್ಲಿ ಇದನ್ನು ಪೈಥಾನ್‌ನಲ್ಲೇ ಮಾಡೋದು. ಸರ್ ಹೇಳಿದ AP = PD ಯನ್ನೇ ಬಳಸ್ತೀನಿ, ಆದರೆ ಅದು ಒಂದೇ ಸಾಲದು. ಇದನ್ನು ರೇಖಾ ಅವರ B ಮೇಲೆ ಓಡಿಸಿ:

```python
import numpy as np
B = np.array([[8,3,0],[-10,-3,1],[4,2,4]])
w, P = np.linalg.eig(B)
print(w)
print(np.allclose(B @ P, P @ np.diag(w)))
print(np.linalg.cond(P))
```

ಎರಡನೇ ಪ್ರಿಂಟ್ True ಅಂತಲೇ ಹೇಳುತ್ತೆ, B ಡಯಾಗನಲೈಸ್ ಆಗದೇ ಇದ್ದರೂ! ಕಾರಣ ಇಷ್ಟೇ, 2ರ ಎರಡೂ ಕಾಲಂಗಳಲ್ಲಿ ಹೆಚ್ಚೂಕಡಿಮೆ ಒಂದೇ ವೆಕ್ಟರ್ ಕೂತಿರುತ್ತೆ, ಒಂದೇ ವೆಕ್ಟರನ್ನು ಎರಡು ಸಲ ಬರೆದರೂ AP = PD ಸರಿ ಹೋಗುತ್ತೆ. ಕೊನೆಯ ಪ್ರಿಂಟ್ ನೋಡಿ, ಅದು ಭಾರಿ ದೊಡ್ಡ ಸಂಖ್ಯೆ, ಅಂದರೆ P ಗೆ ನಂಬುವಂಥ ಇನ್‌ವರ್ಸ್ ಇಲ್ಲ. w ಕೂಡ ನೆಟ್ಟಗೆ 2, 2 ಅಂತ ಬರಲ್ಲ, ಎಂಟನೇ ದಶಮಾಂಶದ ಆಸುಪಾಸಿನಲ್ಲಿ ಅಲುಗಾಡುತ್ತೆ.

ಹಳೇಮೇಷ್ಟ್ರು

ಒಳ್ಳೆಯ ತಿದ್ದುಪಡಿ. ಕೈಯಲ್ಲಿ ಮಾಡುವಾಗಲೂ ಇದು ಅನ್ವಯಿಸುತ್ತೆ. AP = PD ಜೊತೆಗೆ |P| ಸೊನ್ನೆ ಅಲ್ಲ ಅಂತ ನೋಡಲೇಬೇಕು. ಸುಮಾ ಅವರದ್ದು 3, ಆದ್ದರಿಂದ ಅಡ್ಡಿಯಿಲ್ಲ.

ಬಸವರಾಜ ಧಾರವಾಡ

ಪ್ರವೀಣ ಅವರ, ಹಂಗಾದ್ರ ಕಂಪ್ಯೂಟರ್‌ನ್ಯಾಗ cond ಎಷ್ಟು ದೊಡ್ಡದಾದ್ರ "ಡಯಾಗನಲೈಸ್ ಆಗಂಗಿಲ್ಲ" ಅಂತ ತಿಳ್ಕೋಬೇಕ್ರಿ? ಒಂದು ಗಡಿ ಅಂತ ಐತೇನು?

ಪ್ರವೀಣ ಕೆ

ಎಲ್ಲದಕ್ಕೂ ಒಪ್ಪುವ ಒಂದು ಗಡಿ ಇಲ್ಲ ಬಸವರಾಜ. ಡಾಟಾ ಅಳತೆಯಿಂದ ಬಂದಿದ್ದರೆ ಮ್ಯಾಟ್ರಿಕ್ಸ್‌ನ ಅಂಕಿಗಳಲ್ಲೇ ಮೂರನೇ ದಶಮಾಂಶದಲ್ಲಿ ಅನುಮಾನ ಇರುತ್ತೆ, ಅಲ್ಲಿ ಸಾವಿರ ದಾಟಿದರೂ ನಾನು ಹುಷಾರಾಗ್ತೀನಿ. ನಿಮ್ಮ ಈ ಲೆಕ್ಕದ ಹಾಗೆ ಪೂರ್ಣಾಂಕಗಳೇ ಇದ್ದರೆ sympy ಹಾಕಿ ನಿಖರವಾಗಿ ಮಾಡಬಹುದು, ಅದರಲ್ಲಿ is_diagonalizable() ಇದೆ, A ಗೆ True, B ಗೆ False ಕೊಡುತ್ತೆ.

ರೇಖಾ ಎಂ

ಸಾವಿರ ಅನ್ನೋದನ್ನು ನಾನು ಒಪ್ಪಲ್ಲ. ಐಗನ್ ವ್ಯಾಲ್ಯೂಗಳು ಮೂರೂ ಬೇರೆ ಬೇರೆ ಇದ್ದೂ, ವೆಕ್ಟರ್‌ಗಳು ಹತ್ತಿರ ಹತ್ತಿರ ಇದ್ದರೆ cond ಸಾವಿರ ದಾಟಬಹುದು. ಅದು ಡಯಾಗನಲೈಸ್ ಆಗುವ ಮ್ಯಾಟ್ರಿಕ್ಸೇ, ಲೆಕ್ಕಕ್ಕೆ ಒರಟು ಅಷ್ಟೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಪ್ರವೀಣ ಕೆ

ಗಣಿತವಾಗಿ ನೀವು ಹೇಳಿದ್ದು ನಿಜ. ಆದರೆ ಆ P⁻¹ ಇಟ್ಟುಕೊಂಡು A ಯ ದೊಡ್ಡ ಘಾತ ಹಾಕಿದರೆ ಬರುವ ತಪ್ಪು ಎರಡರಲ್ಲೂ ಒಂದೇ ಥರ ಇರುತ್ತೆ, ಅಲ್ಲಿ ನನಗೆ ವ್ಯತ್ಯಾಸ ಕಾಣಲ್ಲ.

ಸುಮಾ_ಬಿಎಸ್ಸಿ

ಘಾತ ಅಂದಾಗ ನೆನಪಾಯ್ತು, ಇದೇ ಪ್ರಶ್ನೆಯ ಬಿ ಭಾಗದಲ್ಲಿ A⁴ ಕೇಳಿದ್ದಾರೆ. P ಗೆ ಇನ್‌ವರ್ಸ್ ಸರಿಯಾದ ಮೇಲೆ PD⁴P⁻¹ ಮಾಡಿದೆ, D⁴ ನ ಕರ್ಣ 16, 16, 625. ಬಂದ ಉತ್ತರ:

```
 422   203   203
-406  -187  -203
 812   406   422
```

ಇದನ್ನು ಸರಿ ನೋಡೋಕೆ ಸುಲಭ ದಾರಿ ಇದ್ಯಾ?

ಹಳೇಮೇಷ್ಟ್ರು

ಕರ್ಣ ಕೂಡಿಸಿ: 422 − 187 + 422 = 657. 16 + 16 + 625 ಕೂಡ 657. ಇನ್ನೂ ಒಂದು ಹೆಜ್ಜೆ ಹೋಗಿ ಕರ್ಣದ ಮೂರರಿಂದಲೂ 16 ಕಳೆಯಿರಿ. 406, 203, 203 ಅನ್ನುವ ಮೊದಲ ಸಾಲು 2, 1, 1 ರ 203 ಪಟ್ಟು. ಕೆಳಗಿನ ಎರಡು ಸಾಲೂ A − 2I ನ ಸಾಲುಗಳ 203 ಪಟ್ಟೇ. 203 ಅಂದರೆ (625 − 16)/3. ಸರಿ ಇದೆ.